ಐದು ಕಚೇರಿಗೆ ಒಂದೇ ಚೀಟಿ

2024ರ ಬಸವ ಜಯಂತಿಯ ಜಾತ್ರಿ. ಹೊತ್ತು ಮುಳುಗಿ ತಾಸು ಆಗಿತ್ತು. ನಂದಿಕೋಲು ಅಗಸಿ ದಾಟಿ ಡಿಪಿ ಹತ್ತಿರ ಬರೂದಕ್ಕೂ ಊರಾಗಿನ ದೀಪ ಎಲ್ಲಾ ಹೋಗೂದಕ್ಕೂ ಒಂದೇ ಆತು. ಹುಡುಗರು "ಲೈನ್ ಬಂದ್ ಮಾಡ್ಯಾರ, ನಡೀರಿ ನಡೀರಿ" ಅಂತ ಕೂಗಿ ನಂದಿಕೋಲು ಎತ್ತಿ ಮುಂದಕ್ಕೆ ಹೊಂಟರು. ನಾನು ಹಿಂದ ಡೊಳ್ಳಿನ ಮೇಳದಾಗ ಹಾಡುತ್ತಿದ್ದೆ. ಅಷ್ಟರಾಗ ವಾಯರಮನ್ ಹುಡುಗ ಕತ್ತಲದಾಗ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದು "ಥಾಂಬಾ, ಥಾಂಬಾ! ವರಚೀ ಲಾಯಿನ ಚಾಲೂ ಆಹೇ!" ಅಂತ ಚೀರಿದ. ನಿಲ್ಲಿರಿ, ಮ್ಯಾಲಿನ ಲೈನು ಚಾಲೂ ಐತಿ ಅಂತ ಅದರ ಅರ್ಥ. ನಂದಿಕೋಲು ತಂತಿಯಿಂದ ಹತ್ತು ಮಾರು ಈಚೆ ನಿಂತಿತು. ಅದನ್ನು ಹೊತ್ತವನು ನನ್ನ ಸಣ್ಣ ಮಗ.

ಆವತ್ತು ಆದದ್ದು ಇಷ್ಟು: ಮನಿಗಳಿಗೆ ಬರುವ ಕೆಳಗಿನ ತಂತಿಯ ಫ್ಯೂಜು ಹೋಗಿ ಊರು ಕತ್ತಲಾಗಿತ್ತು. ಆದರೆ ರಸ್ತೆ ದಾಟಿ ಡಿಪಿಗೆ ಬರುವ 11 ಕೆ.ವಿ. ತಂತಿಯಲ್ಲಿ ಕರೆಂಟು ಇದ್ದೇ ಇತ್ತು. ಬೀದಿ ದೀಪ ಹೋಯಿತೆಂದರೆ ಮೇಲಿನ ತಂತಿ ಸತ್ತಿತು ಅಂತ ತಿಳಿಯಬಾರದು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ತಂತಿಯೂ ಹಳೇದಲ್ಲ, ಹೊಲದ ಮೋಟಾರಗಳಿಗಂತ ಎರಡು ವರ್ಷದ ಹಿಂದೆ ಎಳೆದದ್ದು. ಅದಕ್ಕೂ ಮೊದಲು ನಮ್ಮ ಅಜ್ಜಂದಿರ ಕಾಲದಿಂದ ಆ ಹಾದಿಯಲ್ಲಿ ನಂದಿಕೋಲಿಗೆ ಆಕಾಶ ಬಿಟ್ಟರೆ ಮ್ಯಾಲೆ ಏನೂ ಇರಲಿಲ್ಲ.

ಮರುದಿನ ಕಮಿಟಿಯವರು ಗುಡಿಯಲ್ಲಿ ಕೂಡಿದಾಗ ಎಲ್ಲರೂ ಕರೆಂಟಿನ ಆಫೀಸಿನವರನ್ನು ಬಯ್ದರು. "ನಾವು ಮೊದಲೇ ಅರ್ಜಿ ಕೊಟ್ಟಿದ್ದೆವಲ್ಲ?" ಅಂದರು. ಅರ್ಜಿಯ ನಕಲು ತೆಗೆಸಿ ನೋಡಿದರೆ ಅದರಲ್ಲಿ ಮುಕ್ಕಾಲು ಪುಟ ಬಸವಣ್ಣನ ಮಹಿಮೆ, ಜಾತ್ರಿಯ ಹಿರಿಮೆ. ಕೊನೆಗೆ ಒಂದು ಸಾಲು: "ಸದರಿ ದಿವಸ ವಿದ್ಯುತ್ತಿನ ಯೋಗ್ಯ ವ್ಯವಸ್ಥೆ ಮಾಡಿಕೊಡಬೇಕಾಗಿ ವಿನಂತಿ." ಯೋಗ್ಯ ವ್ಯವಸ್ಥೆ ಅಂದರೆ ಅವರು ಏನು ತಿಳಿದರು? ಜಾತ್ರಿಯ ದಿನ ಒಂದು ನಿಮಿಷವೂ ಕರೆಂಟು ಹೋಗಬಾರದು ಅಂತ ತಿಳಿದರು, ಹಾಗೇ ನಡೆಸಿದರು. ನಮಗೆ ಬೇಕಾದದ್ದು ನಂದಿಕೋಲು ದಾಟುವ ಹೊತ್ತಿಗೆ ಕರೆಂಟು ತೆಗೆಯುವುದು. ನಾವು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು. ಕೇಳಿದ್ದೇ ತಪ್ಪಿತ್ತು.

ಉಳಿದ ಅರ್ಜಿಗಳದೂ ಅದೇ ಕಥೆ. ಐದು ಕಚೇರಿಗೆ ಐದು ಮಂದಿ ಐದು ನಮೂನಿ ಬರೆದಿದ್ದರು. ಒಂದು ಹದಿನೈದು ದಿನ ಮೊದಲು ಹೋಗಿತ್ತು, ಒಂದು ಎರಡು ದಿನ ಮೊದಲು. ಪೋಲೀಸರಿಗೆ ಮೆರವಣಿಗೆ ಎಂಟಕ್ಕೆ ಅಂತ ಬರೆದಿದ್ದರೆ, ದವಾಖಾನಿಗೆ ಒಂಬತ್ತಕ್ಕೆ ಅಂತ ಬರೆದಿದ್ದರು. ಬಂದ ಉತ್ತರ ಎರಡೇ. ಎರಡರಲ್ಲೂ "ಯೋಗ್ಯ ಕಾರ್ಯವಾಹಿ ಮಾಡಲಾಗುವುದು" ಅಂತ ಇತ್ತು. ಯೋಗ್ಯ ಅಂತ ನಾವು ಕೇಳಿದ್ದೆವು, ಯೋಗ್ಯ ಅಂತ ಅವರು ಹೇಳಿದ್ದರು. ನಡುವೆ ನನ್ನ ಮಗ ನಂದಿಕೋಲು ಹೊತ್ತು ನಿಂತಿದ್ದ.

ಮುಂದಿನ ವರ್ಷದ ಕಾಗದಪತ್ರದ ಕೆಲಸ ನಾನೇ ಮಾಡತೀನಿ ಅಂತ ಸಭೆಯಲ್ಲಿ ಹೇಳಿಬಿಟ್ಟೆ. ಏಳನೇತ್ತಾ ಓದಿದವನು ನಾನು, ಆಫೀಸಿನ ಕಾಗದ ನನಗೇನು ಗೊತ್ತು? ನಮ್ಮ ವಾಚನಾಲಯಕ್ಕೆ ದಿನಾ ಪೇಪರ್ ಓದಲು ಬರುವ ಒಬ್ಬ ಕಾಕಾ ಇದ್ದಾರೆ. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ರಜಿಸ್ಟರ್ ಬರೆದು ರಿಟಾಯರ್ ಆದವರು. ಬರುವ ಕಾಗದ, ಹೋಗುವ ಕಾಗದ ಎಲ್ಲ ಅವರ ಕೈಯಿಂದಲೇ ದಾಟುತ್ತಿದ್ದವು. ಅವರ ಮುಂದೆ ಹಳೇ ಅರ್ಜಿ ಇಟ್ಟೆ. ಕನ್ನಡಕ ಏರಿಸಿ ಓದಿ ನಕ್ಕರು.

"ತಮ್ಮಾ, ನೀ ಹರದೇಶಿ-ನಾಗೇಶಿ ಹಾಡಾಂವ ಅದಿ. ಸವಾಲ್ ಹಾಕೂದು ನಿನಗ ನಾ ಕಲಸಬೇಕೇನು? 'ಜಗತ್ತಿನ ಸಾರ ಹೇಳು' ಅಂತ ಸವಾಲ್ ಹಾಕಿದರ ಎದುರಿನಾಂವ ಏನು ಮಾಡತಾನ?"

"ತನಗ ಬರೂ ಯಾವದರ ಒಂದು ಪದ ಹಾಡಿ ಕುಂಡ್ರತಾನರಿ."

"ಹಾಂ. 'ಹನ್ನೆರಡನೇ ದಿನ ಯಾರು ಬಿದ್ದರು' ಅಂತ ಕೇಳಿದರ?"

"ಒಂದ ಹೆಸರು ಹೇಳಬೇಕು, ಇಲ್ಲಾ ಸೋತೆ ಅನ್ನಬೇಕು."

"ಹಂಗ ಕೇಳು," ಅಂದರು ಕಾಕಾ.

ಅಂದಿನಿಂದ ನಾನು ಕಾಗದದ ಮೇಲೆ ಸವಾಲ್ ಕಟ್ಟಲು ಕಲಿತೆ. 2025ರ ಬಸವ ಜಯಂತಿ ಎಪ್ರಿಲ್ 30, ಬುಧವಾರ ಬಂದಿತ್ತು. ಮೊದಲ ಪ್ರಶ್ನೆ, ಚೀಟಿ ಯಾವಾಗ ಕೊಡಬೇಕು, ಉತ್ತರ ಯಾವಾಗಿನತನಕ ಬೇಕು. ನಾನು ಮಾರ್ಚ್ ತಿಂಗಳಲ್ಲೇ ಕೊಡೋಣ ಅಂದೆ. ಕಾಕಾ ಕೈ ಅಲ್ಲಾಡಿಸಿದರು. "ಮಾರ್ಚ್ ಅಖೇರಿ ಒಳಗ ಯಾವ ಆಫೀಸಿನಾಗೂ ಹೊಸ ಕಾಗದ ಯಾರೂ ಓದಂಗಿಲ್ಲ. 31ರ ಒಳಗ ಹಿಶೋಬ ಮುಗಸೂ ಗದ್ದಲದಾಗ ಇರತಾರ. ನಿನ್ನ ಚೀಟಿ ಫೈಲಿನ ತಳಕ್ಕ ಹೋಗತೈತಿ." ಹಾಗಾಗಿ ಎಪ್ರಿಲ್ 2, ಬುಧವಾರ ಕೊಡುವುದೆಂದು ಆಯಿತು.

ಉತ್ತರದ ತಾರೀಖು ಹುಡುಕುವಾಗ ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಕೂತೆವು. 10ಕ್ಕೆ ಮಹಾವೀರ ಜಯಂತಿ ಸೂಟಿ. 12, 13 ಶನಿವಾರ, ರವಿವಾರ. 14ಕ್ಕೆ ಅಂಬೇಡ್ಕರ್ ಜಯಂತಿ. 18ಕ್ಕೆ ಗುಡ್ ಫ್ರೈಡೇ, ಮತ್ತೆ ಶನಿವಾರ, ರವಿವಾರ. "15ನೇ ತಾರೀಖು ಮಂಗಳವಾರ ಐತಲ್ಲರಿ," ಅಂದೆ. "ಮೂರು ದಿನದ ಸೂಟಿ ಮುಗಿಸಿ ಬಂದಾಂವನ ಟೇಬಲ್ ಮ್ಯಾಲ ಕಾಗದದ ಗುಡ್ಡ ಇರತೈತಿ. ಅವಂಗ ಅದೊಂದು ದಿನ ಬಿಡು. 16, ಬುಧವಾರ ಇಡು. ಕೊಡದಾಂವನ ಹತ್ತಿರ ಹೋಗಲಿಕ್ಕ 17 ಗುರುವಾರ ನಿನಗ ಉಳೀತೈತಿ. 18ಕ್ಕ ಮತ್ತ ಬಾಗಲಾ ಹಾಕತಾರ." ಐದೂ ಕಚೇರಿಗೆ ಅದೊಂದೇ ತಾರೀಖು. ಒಬ್ಬರಿಗೆ 12, ಒಬ್ಬರಿಗೆ 20 ಅಂತ ಇಟ್ಟರೆ ಒಬ್ಬರ ಉತ್ತರ ಹಳತಾದ ಮೇಲೆ ಇನ್ನೊಬ್ಬರದು ಬರುತ್ತದೆ. ಜೋಡಿಸಿ ನೋಡಲು ಆಗುವುದಿಲ್ಲ. ಜಾತ್ರಿಗೆ ಎರಡು ವಾರ ಉಳಿದಿರುವಾಗ ಉತ್ತರ ಕೈಗೆ ಬಂದರೆ ಏನಾದರೂ ತಿದ್ದಲಿಕ್ಕೂ ವೇಳೆ ಇರುತ್ತದೆ.

ಚೀಟಿ ಒಂದೇ ಹಾಳೆ. ಮುಂದಿನ ಬದಿಗೆ ನಮ್ಮ ಮಾತು, ಹಿಂದಿನ ಬದಿಗೆ ಅವರ ಉತ್ತರದ ಜಾಗ. ಆಫೀಸಿನ ವ್ಯವಹಾರ ಮರಾಠಿಯಲ್ಲಿ ಆಗಬೇಕು. ಹಾಗಾಗಿ ನಾವು ಕನ್ನಡದಲ್ಲಿ ಬರೆದದ್ದನ್ನು ನಮ್ಮ ಕನ್ನಡ ಸಾಲಿಯ ಗುರೂಜಿ ಮರಾಠಿಗೆ ಮಾಡಿಕೊಟ್ಟರು. ಇದು ಕನ್ನಡದ್ದು:

"ನಮ್ಮೂರ ಬಸವಣ್ಣನ ಜಾತ್ರಿ 30 ಎಪ್ರಿಲ್ 2025, ಬುಧವಾರ. ನಂದಿಕೋಲಿನ ಮೆರವಣಿಗೆ ಆ ದಿನ ಸಂಜೆ 6-30ಕ್ಕೆ ಗುಡಿಯಿಂದ ಹೊರಟು ಅಗಸಿ, ಡಿಪಿ, ಬಸ್ ಸ್ಟ್ಯಾಂಡ್, ಸಾಲಿ ದಾಟಿ ರಾತ್ರಿ 9ಕ್ಕೆ ಗುಡಿಗೆ ಬರುತ್ತದೆ. ಈ ಚೀಟಿ ಐದು ಕಚೇರಿಗೆ ಕೊಟ್ಟಿದ್ದೇವೆ: ಪೋಲೀಸ ಠಾಣೆ, ಕರೆಂಟಿನ ಆಫೀಸು, ಬಸ್ ಡೇಪೋ, ದವಾಖಾನಿ, ಗ್ರಾಮಪಂಚಾಯತಿ ನೀರಿನ ವಿಭಾಗ. ಹಿಂದಿನ ಬದಿಗೆ ನಿಮಗಾಗಿ ಬರೆದ ಪ್ರಶ್ನೆಗೆ 16 ಎಪ್ರಿಲ್, ಬುಧವಾರ ಸಂಜೆ 5ರ ಒಳಗೆ ಉತ್ತರ ಬೇಕು. ಅದೇ ಹಾಳೆಯ ಮೇಲೆ ಕೈಯಿಂದ ಬರೆದರೆ ಸಾಕು. ಉತ್ತರ ಬರದಿದ್ದರೆ 17ಕ್ಕೆ ಬೆಳಿಗ್ಗೆ 11ಕ್ಕೆ ನಾವೇ ಬರುತ್ತೇವೆ. ತಂತಿ ಬಂದ್ ಆಗಿದೆ ಎಂದು ಎದುರಿಗೆ ಖಾತ್ರಿ ಆಗದೆ ನಂದಿಕೋಲು ನೆಟ್ಟಗೆ ತಂತಿಯ ಕೆಳಗೆ ಹೋಗುವುದಿಲ್ಲ, ಮಲಗಿಸಿ ಒಯ್ಯುತ್ತೇವೆ."

ಕೊನೆಯ ಮಾತು ಬರೆಯುವಾಗ ಕಮಿಟಿಯಲ್ಲಿ ಜಗಳವೇ ಆಯಿತು. ಬೇರೆ ಊರಿನವರು "ಉತ್ತರ ಬರದಿದ್ದರೆ ನಿಮ್ಮ ಒಪ್ಪಿಗೆ ಇದೆ ಎಂದು ತಿಳಿಯುತ್ತೇವೆ" ಅಂತ ಬರೆಯುತ್ತಾರೆ, ನಾವೂ ಹಾಗೇ ಬರೆಯೋಣ ಅಂತ ಒಬ್ಬ ಹೇಳಿದ. ಬಸ್ಸಿನ ವಿಷಯಕ್ಕೆ ಹಾಗೆ ಬರೆದರೆ ಹೆಚ್ಚೆಂದರೆ ಬಸ್ಸು ಬರುವುದಿಲ್ಲ. ತಂತಿಯ ವಿಷಯಕ್ಕೆ ಯಾರೂ ಮಾತಾಡದೆ ಇದ್ದರೆ ಕರೆಂಟು ಹೋಗಿದೆ ಅಂತ ಹೇಗೆ ತಿಳಿಯುವುದು? ಹಿರಿಯರೊಬ್ಬರು "ಬಸವಣ್ಣನ ಕೋಲು ಮಲಗಸೂದಂದರ ಊರಿಗೆ ಅಪಶಕುನ" ಅಂತ ಎದ್ದು ಹೋದರು. ನಾನು ಬರೆದದ್ದನ್ನು ಅಳಿಸಲಿಲ್ಲ.

ಹಿಂದಿನ ಬದಿಗೆ ಎಲ್ಲರಿಗೂ ಒಂದೇ ನಮೂನೆಯ ನಾಲ್ಕು ಸಾಲು ಇದ್ದವು. ಒಂದು, ಕೇಳಿದ್ದು ಆಗುತ್ತದೋ: ಹೌದು ಅಥವಾ ಇಲ್ಲ. ಎರಡು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಮೂರು, ಆ ದಿನ ಊರಿಗೆ ಬರುವವರ ಹೆಸರು, ಫೋನ್ ನಂಬರು. ನಾಲ್ಕು, ನಮ್ಮಿಂದ ನಿಮಗೆ ಏನು ಬೇಕು, ಯಾವ ತಾರೀಖಿಗೆ ಬೇಕು. ಕೆಳಗೆ ಸಹಿ, ತಾರೀಖು. ಮೇಲೆ ಆ ಕಚೇರಿಗೆ ಮಾತ್ರ ಹೊಂದುವ ಪ್ರಶ್ನೆ. ಅದೂ ಎರಡಕ್ಕಿಂತ ಹೆಚ್ಚಿಲ್ಲ. ಪೋಲೀಸರಿಗೆ: ಈ ಹಾದಿ, ಈ ವೇಳೆ ನಡೆಯುತ್ತದೋ? ಮೈಕು ಎಷ್ಟು ಗಂಟೆವರೆಗೆ? ಡೇಪೋಕ್ಕೆ: ಹೆಚ್ಚಿನ ಬಸ್ಸು ಎಷ್ಟು, ಕೊನೆಯ ಬಸ್ಸು ಎಷ್ಟಕ್ಕೆ? ನಾನು ಮೊದಲು ಏಳೆಂಟು ಪ್ರಶ್ನೆ ಬರೆದಿದ್ದೆ. ಕಾಕಾ ಉಳಿದವನ್ನೆಲ್ಲ ಹೊಡೆದು ಹಾಕಿದರು. "ಎಂಟು ಕೇಳಿದರ ಸಾಹೇಬ ಕಾರಕೂನಗ ಕೊಡತಾನ, ಕಾರಕೂನ ನಾಳೆ ನೋಡೋಣ ಅಂತಾನ. ಎರಡು ಕೇಳಿದರ ನಿಂತಲ್ಲೇ ಬರೀತಾನ."

ನಾಲ್ಕನೇ ಸಾಲು ಕಾಕಾನೇ ಸೇರಿಸಿದ್ದು. ಕೇಳುವವನು ಬರೇ ಕೇಳುತ್ತಾನೆ, ಎದುರಿನವನಿಗೆ ಏನು ಬೇಕು ಅಂತ ವಿಚಾರಿಸುವುದಿಲ್ಲ, ಅಲ್ಲೇ ಕೆಲಸ ನಿಲ್ಲುತ್ತದೆ ಅಂತ ಅವರ ಅನುಭವ. ಚೀಟಿ ಕೊಟ್ಟಾಗ ಪ್ರತಿಯೊಂದು ಕಚೇರಿಯಲ್ಲೂ ನಮ್ಮ ನಕಲಿನ ಮೇಲೆ ಶಿಕ್ಕಾ, ತಾರೀಖು, ಆವಕ ನಂಬರು ಹಾಕಿಸಿಕೊಂಡು ಬಂದೆ. ಇದಕ್ಕೆ ಪೋಚ ಅನ್ನುತ್ತಾರೆ. ಆ ನಂಬರು ಇದ್ದರೆ 17ಕ್ಕೆ ಹೋದಾಗ "ನಿಮ್ಮ ಕಾಗದ ಬಂದೇ ಇಲ್ಲ" ಅನ್ನುವ ಮಾತು ಹುಟ್ಟುವುದಿಲ್ಲ.

ಮೊದಲ ಉತ್ತರ ಬಂದದ್ದು ಕರೆಂಟಿನ ಆಫೀಸಿನಿಂದ, ಎಪ್ರಿಲ್ 8ಕ್ಕೆ. ನಮ್ಮ ಚೀಟಿಯಲ್ಲಿ "ನಂದಿಕೋಲಿನ ಉದ್ದ 18 ಅಡಿ" ಅಂತ ಬರೆದಿದ್ದೆವು. ಅವರು ಬಂದು ಅಳೆದು ಉತ್ತರ ಬರೆದಿದ್ದರು: ಡಿಪಿ ಹತ್ತಿರ ರಸ್ತೆ ದಾಟುವ ತಂತಿ ನೆಲದಿಂದ 23 ಅಡಿ ಇದೆ, 5 ಅಡಿ ಅಂತರ ಉಳಿಯುತ್ತದೆ, ಬಂದ್ ಮಾಡುವ ಅವಶ್ಯಕತೆ ಇಲ್ಲ. ರಸ್ತೆ ದಾಟುವ 11 ಕೆ.ವಿ. ತಂತಿ ಕಡಿಮೆಯೆಂದರೆ 6.1 ಮೀಟರ, ಅಂದರೆ ಸುಮಾರು 20 ಅಡಿ ಎತ್ತರ ಇರಬೇಕೆಂಬುದು ನಿಯಮ. ಅವರದು ನಿಯಮಕ್ಕಿಂತ ಮೇಲೆಯೇ ಇತ್ತು. ಕಮಿಟಿಯಲ್ಲಿ ಎಲ್ಲರೂ ಹಗುರಾದರು. ಮಲಗಿಸುವ ಮಾತೇ ಬೇಡ ಅಂದರು.

ನನಗೆ ರಾತ್ರಿ ನಿದ್ದೆ ಬರಲಿಲ್ಲ. 23ರಲ್ಲಿ 18 ಕಳೆದರೆ 5 ಹೌದು. ಹಾಗಾದರೆ ಹಿಂದಿನ ವರ್ಷ ಆ ವಾಯರಮನ್ ಹುಡುಗ ಯಾಕೆ ಹಾಗೆ ಚೀರಿದ? ಬೆಳಿಗ್ಗೆ ಎದ್ದು ಮಗನನ್ನು ಕರೆದುಕೊಂಡು ಗುಡಿಗೆ ಹೋದೆ. ನಂದಿಕೋಲನ್ನು ನೆಲದ ಮೇಲೆ ಮಲಗಿಸಿ ಅಳೆದರೆ 18 ಅಡಿಯೇ. "ಹೊರು," ಅಂದೆ. ಅವನು ಸೊಂಟಕ್ಕೆ ಪಟ್ಟಾ ಕಟ್ಟಿ ಕೋಲಿನ ಬುಡ ಪಟ್ಟಾದ ಚೀಲದಲ್ಲಿ ಇಟ್ಟು ಎದ್ದು ನಿಂತ. ಬುಡ ನೆಲದಿಂದ 3 ಅಡಿ ಮೇಲೆ ಬಂತು. ತುದಿಗೆ ಕಟ್ಟುವ ತುರಾಯಿ 1 ಅಡಿ. ಅಲ್ಲಿಗೆ 22 ಆಯಿತು. ಡೊಳ್ಳು ಏರಿದಾಗ ಹುಡುಗರು ಕೋಲನ್ನು ಕುಣಿಸುತ್ತಾರೆ, ಎದೆಗೆ ಎತ್ತುತ್ತಾರೆ. ಇನ್ನೊಂದು ಅಡಿ. 23. ತಂತಿಯೂ 23.

ಆಫೀಸಿನವರ ಉತ್ತರದಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ನಾವು ಕೊಟ್ಟ ಅಂಕಿ ಸುಳ್ಳು. ನಾವು ಕೋಲಿನ ಉದ್ದ ಬರೆದಿದ್ದೆವು. ಬರೆಯಬೇಕಾದದ್ದು ಹೊತ್ತು ಕುಣಿಸುವಾಗ ನೆಲದಿಂದ ತುದಿಯ ಎತ್ತರ. ಮುಖ್ಯವಾದ ಉತ್ತರ ಬೇಗ ಬಂದು, ಅದೂ ನಮ್ಮ ಮನಸ್ಸಿಗೆ ಬೇಕಾದಂತೆಯೇ ಬಂದಾಗ, ನಾವು ಏನು ಬರೆದು ಕೊಟ್ಟೆವು ಅಂತ ಮತ್ತೊಮ್ಮೆ ನೋಡಬೇಕು ಅನ್ನುವುದು ನಾನು ಆವತ್ತು ಕಲಿತದ್ದು.

11ಕ್ಕೆ ಶುಕ್ರವಾರ ನಾನೇ ಹೋಗಿ ಎರಡನೇ ಚೀಟಿ ಕೊಟ್ಟೆ. ಮೇಲೆಯೇ ಕೆಂಪು ಶಾಯಿಯಲ್ಲಿ "ನಮ್ಮ ಅಳತೆ ತಪ್ಪಿತ್ತು. ಸರಿಯಾದ ಎತ್ತರ 23 ಅಡಿ. ಹಳೇ ಚೀಟಿ ರದ್ದು" ಅಂತ ಬರೆದಿದ್ದೆ. ಉತ್ತರದ ತಾರೀಖು ಬದಲಿಸಲಿಲ್ಲ. ಇಂಜಿನಿಯರ್ ಸಾಹೇಬರು ಓದಿ ಸುಮ್ಮನೆ ನನ್ನ ಮುಖ ನೋಡಿದರು. "ಬಾಬಾ, ಬಿಸಿಲಿಗೆ ಕಾದು ತಂತಿ ಇನ್ನೂ ಜೋತು ಬೀಳತೈತಿ. ನಿಮ್ಮ ಕೋಲಿಗೆ ಹಿತ್ತಾಳಿ ತಗಡು ಬಡದಿರತೀರಿ. ಅದು ತಂತಿಗೆ ತಾಕಬೇಕಂತನ ಇಲ್ಲ, ಸಮೀಪ ಹೋದರೂ ಸಾಕು," ಅಂತ ಮರಾಠಿಯಲ್ಲಿ ಹೇಳಿದರು. ಅಲ್ಲೇ ಕೂತು ಬರೆದು ಕೊಟ್ಟರು: ಹೌದು. ಸಂಜೆ 7-00ರಿಂದ 7-45. ವಾಯರಮನ್ ಹೆಸರು, ನಂಬರು. ನಮ್ಮಿಂದ ಬೇಕಾದದ್ದು: ಕಮಿಟಿಯ ಒಬ್ಬ ಮನುಷ್ಯ ವಾಯರಮನ್ ಪಕ್ಕದಲ್ಲೇ ನಿಲ್ಲಬೇಕು, ಅವನು ಎದುರಿಗೆ ಬಂದು ಹೇಳುವತನಕ ಕೋಲು ಅಲ್ಲಾಡಬಾರದು. 45 ನಿಮಿಷಕ್ಕಿಂತ ಹೆಚ್ಚು ಆಗದು, ಯಾಕಂದರೆ ಅದೇ ಲೈನಿನ ಮೇಲೆ ಮುಂದೆ ಮೂರು ಊರುಗಳಿವೆ.

ಅದೇ ದಿನ ಉಳಿದವರಿಗೆ ಫೋನ್ ಮಾಡಿ ನೆನಪು ಕೊಟ್ಟೆ. ಡೇಪೋದ ಉತ್ತರ ಅಂದೇ ಬಂತು. ದವಾಖಾನಿಯದು 15ಕ್ಕೆ, ಪೋಲೀಸರದು 16ಕ್ಕೆ ಮಧ್ಯಾಹ್ನ. ಬರದೇ ಉಳಿದದ್ದು ಒಂದೇ, ಅದೂ ಗುಡಿಯಿಂದ ನೂರು ಹೆಜ್ಜೆ ದೂರ ಇರುವ ನಮ್ಮದೇ ಗ್ರಾಮಪಂಚಾಯತಿಯದು! 17ಕ್ಕೆ ಹೋಗಿ ಕೇಳಿದರೆ ನೀರು ಬಿಡುವವನು "ಮಾವಾ, ಊರಾಗಿನವರಿಗೆ ಚೀಟಿ ಯಾಕ? ನೀರು ಬಿಡತೀನಿ ಬಿಡ್ರಿ" ಅಂದ. "ಎಷ್ಟಕ್ಕ ಬಿಡತಿ, ಬರಿ," ಅಂತ ಪೆನ್ನು ಕೊಟ್ಟೆ. ಬರೆದ: ಟಾಕಿ ತುಂಬುವ ಪಂಪು ಸಂಜೆ 6ರಿಂದ 8.

ಐದೂ ಉತ್ತರ ಕೈಗೆ ಬಂದ ಮೇಲೆ ಗುರೂಜಿ ಹಳೇ ಕ್ಯಾಲೆಂಡರಿನ ಹಿಂದಿನ ಬದಿಗೆ ಒಂದು ತಖ್ತೆ ಎಳೆದರು. ಮೇಲೆ ಅಡ್ಡಕ್ಕೆ ಸಂಜೆ 4ರಿಂದ ರಾತ್ರಿ 10ರವರೆಗೆ ತಾಸುಗಳು, ಎಡಕ್ಕೆ ಉದ್ದಕ್ಕೆ ಐದು ಕಚೇರಿ. ಪ್ರತಿಯೊಬ್ಬರು ಬರೆದ ವೇಳೆಗೆ ಒಂದೊಂದು ಗೆರೆ. ಎಲ್ಲರೂ ಒಂದೇ ನಮೂನೆಯಲ್ಲಿ ಬರೆದಿದ್ದರಿಂದ ಗೆರೆ ಎಳೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಗೆರೆ ಎಳೆದ ಮೇಲೆ ಎಲ್ಲರೂ ಬಗ್ಗಿ ನೋಡಿ ಸುಮ್ಮನಾದೆವು. ಒಬ್ಬೊಬ್ಬರ ಉತ್ತರವೂ ಸರಿ ಇತ್ತು, ಕೂಡಿಸಿದರೆ ಮೂರು ಕಡೆ ಡಿಕ್ಕಿ.

ಪಂಪು 6ರಿಂದ 8ರವರೆಗೆ ನಡೆಯಬೇಕು, ಆದರೆ 7ಕ್ಕೆ ಕರೆಂಟು ಹೋಗುತ್ತದೆ. ಟಾಕಿ ಅರ್ಧ ತುಂಬಿದರೆ ರಾತ್ರಿ ದಾಸೋಹಕ್ಕೆ ನೀರಿಲ್ಲ. ಕೊನೆಯ ಬಸ್ಸು 7-15ಕ್ಕೆ ಸ್ಟ್ಯಾಂಡಿನಿಂದ ಬಿಡುತ್ತದೆ, ಆಗ ಮೆರವಣಿಗೆ ಡಿಪಿಯಿಂದ ಸ್ಟ್ಯಾಂಡಿನ ಹಾದಿಯಲ್ಲೇ ಇರುತ್ತದೆ. ದವಾಖಾನಿಯ ನರ್ಸ್‌ಬಾಯಿ ಸಾಲಿಯ ಕೋಣೆಯಲ್ಲಿ 4ರಿಂದ 10ರವರೆಗೆ ಕೂಡುತ್ತಾರೆ, ಅವರ ನಾಲ್ಕನೇ ಸಾಲಿನಲ್ಲಿ "ಕೋಣೆಗೆ ಬೆಳಕು ಬೇಕು" ಅಂತ ಇತ್ತು. 7ರಿಂದ 7-45ರವರೆಗೆ ಅಲ್ಲಿ ಕತ್ತಲು. ಈ ಮೂರರಲ್ಲಿ ಒಂದೂ ಯಾವೊಬ್ಬ ಆಫೀಸರನ ಟೇಬಲ್ ಮೇಲೆ ಕಾಣುವಂಥದ್ದಲ್ಲ. ಐದನ್ನೂ ಒಂದೇ ದಿನ ಒಂದೇ ಹಾಳೆಯ ಮೇಲೆ ಇಟ್ಟಾಗ ಮಾತ್ರ ಕಾಣುತ್ತದೆ.

ತಿದ್ದುವುದು ಕಠಿಣ ಆಗಲಿಲ್ಲ. ಪಂಪು ಬೆಳಿಗ್ಗೆ 5ಕ್ಕೆ ಹಚ್ಚಲು ಹೇಳಿದೆವು. ಬಸ್ಸು ಆ ದಿನ ಸ್ಟ್ಯಾಂಡಿಗೆ ಬಾರದೆ ಊರ ಹೊರಗಿನ ಮೈದಾನದಿಂದಲೇ ತಿರುಗಲಿ ಅಂತ ಡೇಪೋಕ್ಕೆ ಫೋನ್ ಮಾಡಿದರೆ, ಅವರಿಗೆ ಅದೇ ಬೇಕಾಗಿತ್ತು. ಸಾಲಿಯ ಕೋಣೆಗೆ ಎರಡು ಬ್ಯಾಟರಿ ದೀಪ ಗುರೂಜಿ ತಂದಿಟ್ಟರು. ಪೋಲೀಸರ ಉತ್ತರ ಮಾತ್ರ ನನಗೇ ತಾಕಿತು. ಮೈಕು 10 ಗಂಟೆಗೆ ಬಂದ್ ಅಂತ ಬರೆದಿದ್ದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕು ಹಚ್ಚಬಾರದೆಂಬ ಕಾಯದೆ 2000ನೇ ಇಸವಿಯಿಂದಲೂ ಇದೆ. ಬೆಳತನಕ ಡೊಳ್ಳಿನ ಪದ ಹಾಡುವ ನಮ್ಮ ರೂಢಿ ಅಲ್ಲಿಗೆ ನಿಂತಿತು. ಮೇಳಗಳನ್ನು ಮಧ್ಯಾಹ್ನ 3ಕ್ಕೇ ಕೂಡಿಸಿದೆವು. ಜಾತ್ರಿಯ ಬಿಸಿಲಿನಲ್ಲಿ ಹಾಡುವುದು ಬೇರೆ, ನಡುರಾತ್ರಿ ಹಾಡುವುದು ಬೇರೆ. ಆದರೂ ಎರಡು ವಾರ ಮೊದಲು ಗೊತ್ತಾದದ್ದರಿಂದ ಹೊರಗಿನ ಮೇಳಗಳಿಗೆ ಹೇಳಿ ಕಳಿಸಲು ಆಯಿತು. ಹತ್ತಕ್ಕೆ ಪೋಲೀಸ್ ಬಂದು ವಾಯರ್ ಕಿತ್ತಿದ್ದರೆ ಊರ ಮಾನ ಹೋಗುತ್ತಿತ್ತು.

22ಕ್ಕೆ ಆ ತಖ್ತೆಯ ನಕಲು ಐದೂ ಕಚೇರಿಗೆ ಮರಳಿ ಕೊಟ್ಟೆವು. ಉತ್ತರ ಕೇಳಿ ಇಸಗೊಂಡವನು ಅದರಿಂದ ಏನು ಮಾಡಿದ ಅಂತ ತಿಳಿಸದಿದ್ದರೆ ಮುಂದಿನ ವರ್ಷ ಯಾರೂ ಬರೆಯುವುದಿಲ್ಲ.

ಇನ್ನು ಜಾತ್ರಿಯ ದಿನ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು, ತಡ ಮಾಡಿದವರು ನಾವು. ಮೆರವಣಿಗೆ ಗುಡಿಯಿಂದ ಹೊರಡಲು 6-50 ಆಯಿತು. ಅಗಸಿಯಲ್ಲಿ ನನ್ನ ಮೇಳದ ಪದ. ಆ ಪದಕ್ಕೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು, ಮಂದಿಯೂ ಅದಕ್ಕಾಗಿ ಕಾದಿದ್ದರು. ಮೂರನೇ ನುಡಿಗೆ ಬಂದಾಗ ಹಿಮ್ಮೇಳದ ತಮ್ಮನ ಕೈಗಡಿಯಾರ ಕಂಡಿತು, 7-25. ನಾನು ಡೊಳ್ಳಿನ ಮೇಲೆ ಕೈ ಇಟ್ಟು ಪದ ನಿಲ್ಲಿಸಿದೆ. ನಲವತ್ತು ವರ್ಷದಲ್ಲಿ ನಡುವೆ ಪದ ಮುರಿದದ್ದು ಅದೊಂದೇ ಸಲ. ಮಂದಿ ಗುಜುಗುಜು ಅಂದರು.

ಡಿಪಿ ಹತ್ತಿರ ಬರುವಷ್ಟರಲ್ಲಿ 7-38. ವಾಯರಮನ್ ಹುಡುಗ, ಹಿಂದಿನ ವರ್ಷದವನೇ, ಎದುರಿಗೆ ಬಂದು "ಲೈನ್ ಬಂದ್ ಆಹೇ, ಸಾತ ಮಿನಿಟ" ಅಂದ. ನಂದಿಕೋಲು ನಡೆಯುವ ಚಾಲಿಗೆ, ಆ ಮಂದಿಯ ದಾಟಿಗೆ ಏಳು ನಿಮಿಷದಲ್ಲಿ ಆ ಜಾಗ ದಾಟುವುದು ಖಾತ್ರಿ ಇರಲಿಲ್ಲ. ಫೋನ್ ಮಾಡಿ ಇನ್ನು ಹತ್ತು ನಿಮಿಷ ಕೇಳು ಅಂತ ಕೆಲವರು ಅಂದರು. ಮುಂದಿನ ಮೂರು ಊರು ಕತ್ತಲಲ್ಲಿ ಕೂತಿದ್ದವು. ನಾವೇ ಬರೆದ ಮಾತು ಐದು ಕಚೇರಿಯ ಫೈಲಿನಲ್ಲಿತ್ತು. ನಾನು ಮಗನ ಮುಖ ನೋಡಿದೆ. ಅವನು ಯಾರನ್ನೂ ಕೇಳದೆ ಪಟ್ಟಾ ಬಿಚ್ಚಿದ. ಆರು ಹುಡುಗರು ಹೆಗಲು ಕೊಟ್ಟು ಕೋಲನ್ನು ಮಲಗಿಸಿಕೊಂಡು, "ಬಸವಣ್ಣ ಮಹಾರಾಜ ಕೀ" ಅಂತ ಕೂಗುತ್ತಾ ತಂತಿಯ ಕೆಳಗಿಂದ ಆಚೆ ಒಯ್ದು ನಿಲ್ಲಿಸಿದರು. 7-45ಕ್ಕೆ ಊರಲ್ಲಿ ದೀಪ ಬಂದವು. ಸಾಲಿಯಲ್ಲಿ ನರ್ಸ್‌ಬಾಯಿ ಬ್ಯಾಟರಿ ದೀಪ ಆರಿಸಿದರಂತೆ.

ಸಭೆಯಿಂದ ಎದ್ದು ಹೋದ ಆ ಹಿರಿಯರು ನನ್ನ ಸಂಗಡ ಎರಡು ತಿಂಗಳು ಮಾತಾಡಲಿಲ್ಲ. ಮುಂಗಾರು ಬಿತ್ತುವಾಗ ನನ್ನ ಬದುವಿನ ಮೇಲೆ ಬಂದು ನಿಂತು, "ಮುಂದಿನ ವರ್ಷ ಚೀಟ್ಯಾಗ ಅಗಸಿ ಪದಾ ಹತ್ತು ನಿಮಿಷ ಅಂತ ಬರಿ. ನಿನ್ನ ಹಾಡಿಗೂ ಒಂದು ಟೈಮ್ ಹಾಕು," ಅಂದರು. ಹೌದು, ಆ ತಖ್ತೆಯಲ್ಲಿ ಐದು ಕಚೇರಿಯ ಗೆರೆ ಇತ್ತು, ನಮ್ಮ ಮೇಳದ ಗೆರೆ ಇರಲಿಲ್ಲ. ಈಗ ಆರನೇ ಸಾಲು ಹಾಕಿದ್ದೇವೆ. ಚೀಟಿಯ ನಮೂನೆ, ತಖ್ತೆ ಎರಡೂ ವಾಚನಾಲಯದ ಕಪಾಟಿನಲ್ಲಿ ಇಟ್ಟಿದ್ದೇವೆ, ಬೇಕಾದವರು ನಕಲು ಮಾಡಿಕೊಳ್ಳಬಹುದು. ಮುರಿದ ಆ ಪದದ ಉಳಿದ ನುಡಿಗಳನ್ನು ಆವತ್ತು ಗುಡಿಗೆ ಬಂದ ಮೇಲೆ, ಹತ್ತಕ್ಕೆ ಇನ್ನೂ ಕಾಲು ತಾಸು ಇರುವಾಗ ಹಾಡಿ ಮುಗಿಸಿದೆ.